ಅಟ್ಟದಿಂದ ಇಳಿಸಿದ ಕಂಚಿನ ಗಿಂಡಿಗೆ ಹುಣಸೆಹಣ್ಣು ಹಚ್ಚುವ ಮೊದಲು

ಹಳೆ ಪಾತ್ರೆಯ ಮೇಲೆ ಕಾಣುವ ಕಪ್ಪೆಲ್ಲ ಕೊಳೆಯಲ್ಲ. ಹಸಿರೆಲ್ಲ ಕಿಲುಬೂ ಅಲ್ಲ. ಅಟ್ಟದಲ್ಲಿ ದಶಕಗಳ ಕಾಲ ಬಿದ್ದಿದ್ದ ಕಂಚಿನ ಗಿಂಡಿಯನ್ನೋ ಹಿತ್ತಾಳೆ ಹರಿವಾಣವನ್ನೋ ಕೆಳಗಿಳಿಸಿದರೆ ಅದರ ಮೇಲೆ ಸಾಮಾನ್ಯವಾಗಿ ಮೂರು ಬೇರೆ ಬೇರೆ ಪದರಗಳಿರುತ್ತವೆ. ಮೇಲಿನದು ಧೂಳು, ಹೊಗೆಮಸಿ, ಎಣ್ಣೆಜಿಡ್ಡು ಸೇರಿದ ಕೊಳೆ. ಅದರ ಕೆಳಗೆ ಲೋಹಕ್ಕೆ ಗಟ್ಟಿಯಾಗಿ ಅಂಟಿಕೊಂಡ ಕಂದು ಅಥವಾ ಕಪ್ಪುಗಂದು ಬಣ್ಣದ ತೆಳು ಪೊರೆ. ಇದನ್ನೇ ಪಟಿನಾ ಎನ್ನುತ್ತಾರೆ. ಮೂರನೆಯದು ಅಲ್ಲಲ್ಲಿ ಮಾತ್ರ ಕಾಣುವ, ಲೋಹವನ್ನು ಇನ್ನೂ ತಿನ್ನುತ್ತಿರುವ ಪುಡಿಪುಡಿ ಕಿಲುಬು. ಮೊದಲನೆಯದನ್ನು ತೆಗೆಯಬೇಕು, ಎರಡನೆಯದನ್ನು ಮುಟ್ಟಬಾರದು, ಮೂರನೆಯದನ್ನು ತಡೆಯಬೇಕು. ಹುಣಸೆಹಣ್ಣು, ಪಾಲಿಶ್ ಪುಡಿ, ಆಸಿಡ್, ಅಂಗಡಿಯಲ್ಲಿ ಯಂತ್ರದಿಂದ ತಿರುಗಿ ಉಜ್ಜಿ ಹೊಳಪು ಕೊಡುವ ಬಫಿಂಗ್ ಚಕ್ರ ಇವು ಯಾವುದಕ್ಕೂ ಈ ವ್ಯತ್ಯಾಸ ಗೊತ್ತಿಲ್ಲ. ಮೂರನ್ನೂ ಒಟ್ಟಿಗೆ ಕಿತ್ತು, ಜೊತೆಗೆ ಒಂದಿಷ್ಟು ಲೋಹವನ್ನೂ ಒಯ್ಯುತ್ತವೆ.

ಇಲ್ಲಿ ಹೇಳುವುದು ನಿತ್ಯ ಬಳಸುವ ಪೂಜೆಯ ತಂಬಿಗೆ, ಆರತಿ ತಟ್ಟೆಗಳ ಮಾತಲ್ಲ. ಅವನ್ನು ದಿನವೂ ತಿಕ್ಕಿ ತೊಳೆಯುವುದೇ ವಾಡಿಕೆ, ಹಾಗೇ ಇರಲಿ. ಹಿರಿಯರ ಕಾಲದ್ದೆಂದು ಉಳಿಸಿಕೊಳ್ಳಬೇಕಾದ, ಇಲ್ಲವೇ ಹಳೆಯದೆಂದೇ ಬೆಲೆ ಕೊಟ್ಟು ಕೊಂಡ ಪಾತ್ರೆಗಳಿಗೆ ಈ ಮಾತು.

ಪಟಿನಾ ಎಂದರೆ ಏನು, ಅದಕ್ಕೇಕೆ ಬೆಲೆ

ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಕಂಚು ತಾಮ್ರ ಮತ್ತು ತವರದ್ದು. ಗಂಟೆ, ಜಾಗಟೆ, ಊಟದ ಬಟ್ಟಲುಗಳಿಗೆ ಬಳಸುವ ಒಳ್ಳೆಯ ಕಂಚಿನಲ್ಲಿ ತವರ ನೂರಕ್ಕೆ ಸುಮಾರು 22 ಪಾಲು ಇರುತ್ತದೆ. ಎರಡರಲ್ಲೂ ಮೇಲ್ಮೈಯ ತಾಮ್ರ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೊದಲು ಕೆಂಗಂದು ಆಕ್ಸೈಡ್ ಆಗುತ್ತದೆ. ಅಡುಗೆಮನೆಯ ಹೊಗೆ ಮತ್ತು ಗಾಳಿಯಲ್ಲಿನ ಗಂಧಕದ ಅಂಶ ಸೇರುತ್ತ ಬಣ್ಣ ಕಪ್ಪಿಗೆ ತಿರುಗುತ್ತದೆ. ತೇವ ಹೆಚ್ಚಿದ್ದ ಕಡೆ ಕಾಲಾಂತರದಲ್ಲಿ ಹಸಿರು ಕಾರ್ಬೊನೇಟ್ ಕೂರುತ್ತದೆ. ಮನೆಯೊಳಗೆ ಇದು ನಿಧಾನಕ್ಕೆ, ದಶಕಗಳ ಕಾಲ ನಡೆಯುವ ಕೆಲಸ. ಹೀಗೆ ಬೆಳೆದ ಪೊರೆ ದಟ್ಟವಾಗಿದ್ದು ಒತ್ತೊತ್ತಾಗಿ ಅಂಟಿರುವುದರಿಂದ ಗಾಳಿ, ತೇವ ಒಳಗಿನ ಲೋಹಕ್ಕೆ ತಲುಪುವುದು ಕಡಿಮೆಯಾಗುತ್ತದೆ. ಅದನ್ನು ಕೆರೆದು ತೆಗೆದರೆ ಹೊಸ ಲೋಹ ಬಯಲಾಗಿ ಕೆಲವೇ ವಾರಗಳಲ್ಲಿ ಮತ್ತೆ ಮಾಸಲು ತೊಡಗುತ್ತದೆ. ಮತ್ತೆ ತಿಕ್ಕಿದರೆ ಇನ್ನಷ್ಟು ಲೋಹ ಸವೆಯುತ್ತದೆ.

ಬೆಲೆಯ ಲೆಕ್ಕವೂ ಇಲ್ಲೇ ಇದೆ. ಹಳೆ ಪಾತ್ರೆಗಳನ್ನು ಬಲ್ಲವರು ಗಿಂಡಿ ಕೈಗೆ ಬಂದಾಗ ಮೊದಲು ನೋಡುವುದು ಎಲ್ಲಿ ಸವೆದಿದೆ, ಎಲ್ಲಿ ಸವೆದಿಲ್ಲ ಎಂಬುದನ್ನು. ಕುತ್ತಿಗೆ ಹಿಡಿದು ನೀರು ಬಗ್ಗಿಸಿದ ಕಡೆ ಲೋಹ ನುಣುಪಾಗಿ ತಿಳಿಬಣ್ಣಕ್ಕೆ ಬಂದಿರಬೇಕು. ಗೆರೆಗಳ ಸಂದಿಯಲ್ಲಿ, ಕೊಳವೆ ಮೈಗೆ ಸೇರುವ ಮೂಲೆಯಲ್ಲಿ ಕಪ್ಪು ಉಳಿದಿರಬೇಕು. ತಳದ ಅಂಚಿನಲ್ಲಿ ನೆಲಕ್ಕೆ ತಾಗಿ ಸವೆದ ಉಂಗುರವಿರಬೇಕು. ಮೈಮೇಲೆ ಓರೆಬೆಳಕು ಬಿದ್ದಾಗ ಮಾತ್ರ ಕಾಣುವ ಸಣ್ಣ ಸುತ್ತುಗೆರೆಗಳು, ಎರಕದ ನಂತರ ಅದನ್ನು ತಿರುಗಿಸುತ್ತ ಉಳಿಯಿಂದ ಹೆರೆದದ್ದರ ಗುರುತು. ಇವೆಲ್ಲ ಸೇರಿ ಪಾತ್ರೆಯ ವಯಸ್ಸನ್ನೂ ಕೆಲಸದ ರೀತಿಯನ್ನೂ ಹೇಳುತ್ತವೆ. ಬಫ್ ಮಾಡಿಸಿದ ಗಿಂಡಿಯಲ್ಲಿ ಈ ಯಾವುದೂ ಉಳಿಯುವುದಿಲ್ಲ. ಹಳೆಯದಕ್ಕೂ ಕಳೆದ ವರ್ಷ ಎರಕ ಹೊಯ್ದದ್ದಕ್ಕೂ ವ್ಯತ್ಯಾಸ ತೋರಿಸುವ ಸಾಕ್ಷಿಯೇ ಹೋಗುವುದರಿಂದ, ಕೊಳ್ಳುವವರು ಅದಕ್ಕೆ ಹೊಸ ಪಾತ್ರೆಯ ಬೆಲೆ ಕಟ್ಟುತ್ತಾರೆ, ಕೆಲವೊಮ್ಮೆ ಬರೀ ತೂಕದ ಬೆಲೆ.

ಇದರಲ್ಲಿ ನಮ್ಮ ಕಡೆಯ ಪಾತ್ರೆಗಳಿಗೆ ವಿಶೇಷವಾದ ಒಂದು ಸಂಗತಿಯಿದೆ. ಮದುವೆ, ಸೀಮಂತ, ಗೃಹಪ್ರವೇಶಕ್ಕೆ ಕೊಟ್ಟ ಪಾತ್ರೆಗಳ ಮೇಲೆ ಹೆಸರು, ಊರು, ಕೆಲವೊಮ್ಮೆ ಇಸವಿಯನ್ನೂ ಕೊರೆಸುತ್ತಿದ್ದರು. ಸಣ್ಣ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಕುಟ್ಟಿದ ಆ ಅಕ್ಷರಗಳು ಬಹಳ ಆಳವಾಗಿರುವುದಿಲ್ಲ. ಕಪ್ಪು ಪಟಿನಾ ಚುಕ್ಕೆಗಳೊಳಗೆ ತುಂಬಿರುವುದರಿಂದಲೇ ಅವು ಓದಲು ಸಿಗುತ್ತವೆ. ಹುಣಸೆಹಣ್ಣು ಆ ಕಪ್ಪನ್ನು ಕರಗಿಸುತ್ತದೆ, ಬಫಿಂಗ್ ಚಕ್ರ ಚುಕ್ಕೆಯ ಅಂಚನ್ನು ಉಜ್ಜಿ ಸಪಾಟು ಮಾಡುತ್ತದೆ. ಎರಡು ಮೂರು ಸಲ ಹೀಗಾದರೆ ಅಜ್ಜಿಯ ಹೆಸರಿದ್ದ ಜಾಗದಲ್ಲಿ ಬರೀ ಹೊಳಪು ಉಳಿಯುತ್ತದೆ. ಪಾತ್ರೆ ಯಾರದ್ದು, ಯಾವ ಊರಿನದು, ಯಾವಾಗಿನದು ಎಂಬುದಕ್ಕೆ ಇದ್ದ ಏಕೈಕ ಬರಹದ ಆಧಾರ ಅದು. ಹೋದರೆ ಮತ್ತೆ ತರಲು ದಾರಿಯಿಲ್ಲ.

ಯಾವುದು ಹೇಗೆ ಕೆಡಿಸುತ್ತದೆ

ಹುಣಸೆಹಣ್ಣು ಮತ್ತು ಉಪ್ಪಿನ ಜೋಡಿ ಮನೆಮನೆಯಲ್ಲೂ ಇರುವುದು, ಹಳೆ ಪಾತ್ರೆಗೆ ಹೆಚ್ಚು ಹಾನಿ ಮಾಡುವುದೂ ಅದೇ. ಹುಣಸೆಯ ಟಾರ್ಟಾರಿಕ್ ಆಮ್ಲ ಪಟಿನಾವನ್ನು ನಿಮಿಷಗಳಲ್ಲಿ ಕರಗಿಸುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಬಯಲಾದ ಲೋಹದ ಸಣ್ಣ ರಂಧ್ರಗಳಿಗೆ ಇಳಿದು ತಾಮ್ರದ ಕ್ಲೋರೈಡಾಗಿ ಕೂರುತ್ತದೆ. ಎಷ್ಟು ತೊಳೆದರೂ ಅದು ಪೂರ್ತಿ ಹೊರಬರುವುದಿಲ್ಲ. ಮಳೆಗಾಲದಲ್ಲಿ ಗಾಳಿಯ ತೇವ ಏರಿದಾಗ ಈ ಕ್ಲೋರೈಡ್ ನೀರು ಮತ್ತು ಆಮ್ಲಜನಕದೊಂದಿಗೆ ಸೇರಿ ತಿಳಿಹಸಿರು ಪುಡಿಯಾಗುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲವೂ ಹುಟ್ಟುತ್ತದೆ. ಆ ಆಮ್ಲ ಇನ್ನಷ್ಟು ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಮಾಡುತ್ತದೆ. ಹೀಗೆ ತನ್ನಷ್ಟಕ್ಕೇ ಸುತ್ತುವ ಈ ಕ್ರಿಯೆಗೆ ವಸ್ತುಸಂಗ್ರಹಾಲಯದವರು ಕಂಚಿನ ರೋಗ ಎನ್ನುತ್ತಾರೆ. ದೀಪಾವಳಿಗೆ ತಿಕ್ಕಿಟ್ಟ ಪಾತ್ರೆಯ ಮೇಲೆ ಮುಂದಿನ ಆಷಾಢದಲ್ಲಿ ಹಸಿರು ಚುಕ್ಕೆ ಎದ್ದರೆ ಕಾರಣ ಹೆಚ್ಚಾಗಿ ಇದೇ. ಕರಾವಳಿಯಲ್ಲಿ ಸಮುದ್ರದ ಗಾಳಿಯೇ ಉಪ್ಪನ್ನು ಹೊತ್ತು ತರುವುದರಿಂದ ಅಪಾಯ ಇನ್ನೂ ಹೆಚ್ಚು.

ಹಿತ್ತಾಳೆಗೆ ಹುಳಿಯಿಂದ ಇನ್ನೊಂದು ತೊಂದರೆಯಿದೆ. ಹುಣಸೆನೀರಿನಲ್ಲೋ ನಿಂಬೆರಸದಲ್ಲೋ ರಾತ್ರಿಯಿಡೀ ನೆನೆಸಿಟ್ಟರೆ ಬೆಳಿಗ್ಗೆ ಕೆಲವು ಕಡೆ ನಸುಗೆಂಪು ಕಲೆಗಳು ಕಾಣುತ್ತವೆ. ಮೇಲ್ಮೈಯ ಸತು ಕರಗಿ ಹೋಗಿ ತಾಮ್ರವಷ್ಟೇ ಉಳಿದ ಗುರುತು ಅದು. ಆ ಕೆಂಪನ್ನು ತಿಕ್ಕಿ ತೆಗೆಯಲು ಹೋದರೆ ಲೋಹ ಇನ್ನಷ್ಟು ತೆಳುವಾಗುತ್ತದೆ.

ಅಮೋನಿಯಾ ಇರುವ ಲೋಹ ಪಾಲಿಶ್‌ಗಳ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಅವನ್ನು ಕುದುರೆಲಾಯಗಳಲ್ಲಿ ಇಡುತ್ತಿದ್ದರು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾ, ತೇವದ ಗಾಳಿ ಮತ್ತು ತೋಟಾ ಎಳೆದು ರೂಪಿಸುವಾಗ ಲೋಹದಲ್ಲಿ ಉಳಿದ ಒಳಬಿಗಿತ, ಈ ಮೂರೂ ಸೇರಿ ಬಿರುಕು ಹುಟ್ಟುತ್ತದೆ ಎಂಬುದು 1921ರಲ್ಲಿ ಖಚಿತವಾಯಿತು. ತಗಡನ್ನು ಬಡಿದು ಮಾಡಿದ ಹಿತ್ತಾಳೆ ಕೊಡ, ಚೆಂಬು, ಹಂಡೆಗಳಲ್ಲೂ ಅಂಥದ್ದೇ ಒಳಬಿಗಿತ ಇರುತ್ತದೆ. ಕಂಠ ಮತ್ತು ಅಂಚಿನ ಮಡಿಕೆಯಲ್ಲಿ ಅದು ಹೆಚ್ಚು. ಪಾಲಿಶ್ ಹಚ್ಚಿ ಮಡಿಕೆಯ ಸಂದಿಯಲ್ಲಿ ಬಿಟ್ಟರೆ ಅಲ್ಲೇ ಉದ್ದುದ್ದ ಸೀಳು ಬೀಳಬಹುದು.

ಬಫಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚಕ್ರ ಎತ್ತರದ ಭಾಗಗಳನ್ನು ಮೊದಲು ಸವೆಸುತ್ತದೆ. ದೇವರ ಮುಖದ ಮೂಗು, ಹಂಸದೀಪದ ಕೊಕ್ಕು, ಹೂಬಳ್ಳಿಯ ಅಂಚು ಮೊಂಡಾಗುತ್ತವೆ. ಸಂದಿಗಳಲ್ಲಿ ಪಾಲಿಶ್ ಮೇಣ ಬಿಳಿಯಾಗಿಯೋ ಕಪ್ಪಾಗಿಯೋ ಗಟ್ಟಿಯಾಗಿ ಕೂತು ತೇವ ಹಿಡಿದಿಡುತ್ತದೆ. ಮೊದಲು ಆಸಿಡ್‌ನಲ್ಲಿ ಅದ್ದಿ ನಂತರ ಬಫ್ ಮಾಡುವ ಅಂಗಡಿಗಳೂ ಇವೆ. ಕೇಳದೆ ಕೊಡಬೇಡಿ.

ಒಂದು ಗಿಂಡಿಯನ್ನು ಹಿಡಿದು ನೋಡೋಣ

ಸುಮಾರು 20 ಸೆಂಟಿಮೀಟರ್ ಎತ್ತರದ ಎರಕದ ಕಂಚಿನ ಗಿಂಡಿ ಎಂದುಕೊಳ್ಳಿ. ಮೈ ಕಪ್ಪುಗಂದು. ಕುತ್ತಿಗೆಯ ಗೆರೆಗಳಲ್ಲಿ ದಪ್ಪ ಜಿಡ್ಡು. ಕೊಳವೆಯ ಬುಡದಲ್ಲಿ ಕಡಲೆಕಾಳಿನಷ್ಟು ತಿಳಿಹಸಿರು ಕಲೆ. ತಳದ ಬಳಿ ಚುಕ್ಕೆಯಲ್ಲಿ ಕೊರೆದ ಎರಡು ಸಾಲು ಅಕ್ಷರ, ಅರ್ಧ ಮಾತ್ರ ಕಾಣುತ್ತಿದೆ.

ಮೊದಲು ದಾಖಲೆ. ತೊಳೆಯುವ ಮುನ್ನ ಕಿಟಕಿಯ ಬೆಳಕಿನಲ್ಲಿ ಎಲ್ಲ ಬದಿಯ ಫೋಟೊ ತೆಗೆಯಿರಿ. ಅಕ್ಷರಗಳಿರುವ ಕಡೆ ಕೋಣೆ ಕತ್ತಲು ಮಾಡಿ ಟಾರ್ಚನ್ನು ಮೈಗೆ ಬಹುತೇಕ ತಾಗುವಂತೆ ಅಡ್ಡವಾಗಿ ಹಿಡಿದು ತೆಗೆಯಿರಿ. ಚುಕ್ಕೆಗಳ ನೆರಳು ಬೀಳುವುದರಿಂದ, ಏನನ್ನೂ ಉಜ್ಜದೆಯೇ ಹೆಸರು ಓದಲು ಸಿಗುವುದುಂಟು. ಹೆಸರು ಕಾಣಲೆಂದು ಅಲ್ಲಿ ಮಾತ್ರ ಸ್ವಲ್ಪ ಹುಣಸೆಹಣ್ಣು ಹಚ್ಚುವವರಿದ್ದಾರೆ. ಆಗ ಚುಕ್ಕೆಯ ಕಪ್ಪೇ ಹೋಗಿ ಅಕ್ಷರ ಇನ್ನೂ ಮಂಕಾಗುತ್ತದೆ.

ಲೋಹ ಯಾವುದು. ಗಿಂಡಿಯನ್ನು ಬೆರಳ ಮೇಲೆ ತೂಗಿಸಿ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಕಂಚಾದರೆ ಗಂಟೆಯ ನಾದ ಹೊತ್ತು ನಿಲ್ಲುತ್ತದೆ, ಹಿತ್ತಾಳೆ ಬೇಗ ಸುಮ್ಮನಾಗುತ್ತದೆ. ಕಂಚು ಎಂದು ತೋರಿದ ಪಾತ್ರೆ ತಟ್ಟಿದಾಗ ಬಡಕಲು ಸದ್ದು ಮಾಡಿದರೆ ಎಲ್ಲೋ ಬಿರುಕಿದೆ ಎಂದರ್ಥ. ಕಂಚು ಗಡುಸಾದರೂ ಪೆಡಸು, ಕೈಜಾರಿ ಕಲ್ಲುನೆಲಕ್ಕೆ ಬಿದ್ದರೆ ತಗ್ಗು ಬೀಳುವುದಿಲ್ಲ, ಒಡೆಯುತ್ತದೆ. ಕೆಲಸ ಮಾಡುವ ಮೇಜಿನ ಮೇಲೆ ದಪ್ಪ ಟವಲು ಹಾಸಿಕೊಳ್ಳಿ. ಲೋಹ ಪರೀಕ್ಷೆಗೆಂದು ತಳವನ್ನು ಅರದಿಂದ ಉಜ್ಜಿ ನೋಡುವ ಅಭ್ಯಾಸ ಬೇಡ.

ಹಸಿರು ಯಾವ ಬಗೆಯದು. ಇದು ಎಲ್ಲಕ್ಕಿಂತ ಮುಖ್ಯ ಹಂತ, ಭೂತಗನ್ನಡಿ ಬೇಕು. ಬಿದಿರಿನ ಹಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ನಯವಾಗಿ, ಗಟ್ಟಿಯಾಗಿ, ಮೈಯ ಭಾಗವೇ ಆಗಿಹೋದ ಕಡುಹಸಿರಾದರೆ ಅದು ನೆಲೆನಿಂತ ಪಟಿನಾ, ಬಿಟ್ಟುಬಿಡಿ. ಕಡ್ಡಿಗೆ ಮೇಣದಂತೆ ಮೆತ್ತಗೆ ಅಂಟಿಕೊಳ್ಳುವ ಹಸಿರು ದೀಪಗಳಲ್ಲೂ ಎಣ್ಣೆಗಿಂಡಿಗಳಲ್ಲೂ ಸಾಮಾನ್ಯ. ಎಣ್ಣೆಯಲ್ಲಿನ ಕೊಬ್ಬಿನಾಮ್ಲ ತಾಮ್ರದೊಂದಿಗೆ ಸೇರಿ ಆದ ಸಾಬೂನಿನಂಥ ವಸ್ತು ಅದು. ನೋಡಲು ಭಯವಾದರೂ ಸುಲಭವಾಗಿ ಹೋಗುತ್ತದೆ. ಮುಟ್ಟಿದ ಕೂಡಲೇ ಪುಡಿಯಾಗಿ ಉದುರುವ ತಿಳಿಹಸಿರು, ಅದರ ಕೆಳಗೆ ಗುಳಿ ಕಂಡರೆ, ಅದು ಕಂಚಿನ ರೋಗ ಇರಬಹುದು. ಖಚಿತಪಡಿಸಿಕೊಳ್ಳಲು ಪುಡಿಯನ್ನು ಒಣಬ್ರಷ್‌ನಿಂದ ತೆಗೆದು ಪಾತ್ರೆಯನ್ನು ಕಪ್ಪು ಕಾಗದದ ಮೇಲೆ ಒಂದು ವಾರ ಇಡಿ. ಕಾಗದದ ಮೇಲೆ ಮತ್ತೆ ಹಸಿರು ಪುಡಿ ಬಿದ್ದಿದ್ದರೆ ರೋಗ ಜೀವಂತವಾಗಿದೆ.

ಒಣ ಶುಚಿ. ಮೆತ್ತನೆಯ ಪೇಂಟ್ ಬ್ರಷ್ ತೆಗೆದುಕೊಂಡು ಅದರ ತಗಡಿನ ಪಟ್ಟಿಗೆ ಟೇಪ್ ಸುತ್ತಿ, ಗೀರು ಬೀಳದಿರಲಿ. ಮೇಲಿನಿಂದ ಕೆಳಕ್ಕೆ ಧೂಳು ಇಳಿಸಿ. ಬಟ್ಟೆಯಿಂದ ಉಜ್ಜಬೇಡಿ. ಧೂಳಿನಲ್ಲಿರುವ ಮರಳಿನ ಕಣವೇ ಮೈ ಗೀರುತ್ತದೆ. ಕೈಬೆವರಿನಲ್ಲೂ ಉಪ್ಪಿರುವುದರಿಂದ ಇಲ್ಲಿಂದ ಮುಂದೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ.

ಜಿಡ್ಡು ಬಿಡಿಸುವುದು. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ, ಅಂದರೆ ಬ್ಯಾಟರಿಗೆ ಹಾಕಲು ಸಿಗುವ ಶುದ್ಧ ನೀರಿಗೆ, ಬಣ್ಣ ಮತ್ತು ನಿಂಬೆ ಅಂಶವಿಲ್ಲದ ಪಾತ್ರೆ ತೊಳೆಯುವ ದ್ರವ ನಾಲ್ಕೈದು ಹನಿ ಸಾಕು. ಕೊಳಾಯಿ ನೀರಿನಲ್ಲಿ ಕ್ಲೋರಿನ್, ಬೋರ್‌ವೆಲ್ ಮತ್ತು ಕರಾವಳಿಯ ಬಾವಿ ನೀರಿನಲ್ಲಿ ಉಪ್ಪಿನ ಅಂಶ ಇರುವುದರಿಂದ ಶುದ್ಧ ನೀರೇ ಬೇಕು. ಉಗುರುಬೆಚ್ಚಗೆ ಮಾಡಿ. ಬಿದಿರುಕಡ್ಡಿಯ ತುದಿಗೆ ಹತ್ತಿ ಸುತ್ತಿ ಅದ್ದಿ ಹಿಂಡಿ, ಅಂಗೈಯಗಲದ ಜಾಗದಲ್ಲಿ ಉರುಳಿಸುತ್ತ ಹೋಗಿ. ಹತ್ತಿ ಕಪ್ಪಾದ ಕೂಡಲೇ ಬದಲಿಸಿ. ಪಾತ್ರೆಯನ್ನು ನೀರಲ್ಲಿ ಮುಳುಗಿಸಬೇಡಿ. ಕೊಳವೆಯ ಬೆಸುಗೆ, ಅಂಚಿನ ಮಡಿಕೆಗಳಲ್ಲಿ ನೀರು ನಿಂತರೆ ಒಳಗೇ ಕಿಲುಬು ಹುಟ್ಟುತ್ತದೆ.

ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಹತ್ತಿಯೇ ಅಳತೆ. ಕಪ್ಪು, ಬೂದು, ಹಳದಿ ಬಣ್ಣ ಬರುತ್ತಿದ್ದರೆ ಕೊಳೆ ಬರುತ್ತಿದೆ. ಕೆಂಗಂದು ಬಣ್ಣ ಬರತೊಡಗಿದರೆ, ಅಥವಾ ಎಲ್ಲಾದರೂ ಹೊಳೆಯುವ ಹಳದಿ ಲೋಹ ಇಣುಕಿದರೆ, ಪಟಿನಾ ಏಳುತ್ತಿದೆ. ಅಲ್ಲಿಗೇ ಕೈಬಿಡಿ.

ಕುತ್ತಿಗೆಯ ಗೆರೆಗಳಲ್ಲಿ ಗಟ್ಟಿಗೊಂಡ ಹಳೆ ಎಣ್ಣೆ ಇಷ್ಟಕ್ಕೆ ಬಗ್ಗುವುದಿಲ್ಲ. ಬಣ್ಣದ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್‌ನಲ್ಲಿ ಹತ್ತಿ ಅದ್ದಿ ಗೆರೆಯ ಮೇಲೆ ಹತ್ತು ನಿಮಿಷ ಇಟ್ಟು, ಮೆತ್ತಗಾದ ಜಿಡ್ಡನ್ನು ಹಲ್ಲುಕಡ್ಡಿಯಿಂದ ಉದ್ದಕ್ಕೆ ಎಳೆದು ತೆಗೆಯಿರಿ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಒಲೆ, ಊದುಬತ್ತಿ ಇರಬಾರದು. ಜಿಡ್ಡು ಜಗ್ಗದಿದ್ದರೆ ಮರುದಿನ ಇನ್ನೊಮ್ಮೆ ಪ್ರಯತ್ನಿಸಿ. ಸೂಜಿ, ಚಾಕು, ಸ್ಟೀಲ್ ನಾರು ಮುಟ್ಟಬೇಡಿ. ದೀಪದ ಬಟ್ಟಲಿನ ಹಸಿರು ಮೇಣಕ್ಕೂ ಇದೇ ಉಪಾಯ.

ಒರೆಸಿ ಒಣಗಿಸುವುದು. ಬರೀ ಶುದ್ಧ ನೀರಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಸಾಬೂನನ್ನೆಲ್ಲ ಒರೆಸಿ, ಹಳೆ ಹತ್ತಿಬಟ್ಟೆಯಿಂದ ಒತ್ತಿ ನೀರು ಹೀರಿ. ನಂತರ ಹೇರ್ ಡ್ರೈಯರ್‌ನ ಕಡಿಮೆ ಬಿಸಿಯಲ್ಲಿ ಹತ್ತು ನಿಮಿಷ, ಸಂದಿಗಳಿಗೆ ವಿಶೇಷವಾಗಿ ಗಾಳಿ ಹಿಡಿಯಿರಿ. ಪಾತ್ರೆ ಕೈಗೆ ಬೆಚ್ಚಗಾಗಬೇಕು, ಸುಡಬಾರದು. ಒಲೆಯ ಮೇಲಿಟ್ಟು ಒಣಗಿಸಿದರೆ ಬೆಸುಗೆ ಬಿಡಬಹುದು.

ಹಸಿರು ಕಲೆಯ ಕತೆ. ಕೊಳವೆ ಬುಡದ ಆ ತಿಳಿಹಸಿರು ಕಲೆಗೆ ನೀರು ತಾಗಿಸಬಾರದು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಭೂತಗನ್ನಡಿಯ ಕೆಳಗೆ ಹಲ್ಲುಕಡ್ಡಿಯಿಂದ ಪುಡಿಯನ್ನಷ್ಟೇ ಎಬ್ಬಿಸಿ ಬ್ರಷ್‌ನಿಂದ ತೆಗೆಯಿರಿ. ಪುಡಿಯನ್ನು ಕಾಗದದಲ್ಲಿ ಮಡಿಸಿ ಎಸೆಯಿರಿ. ಇಷ್ಟು ಮಾಡಿ ಒಣಗಿಸಿಟ್ಟರೂ ಮರಳಿ ಬಂದರೆ, ಅಥವಾ ಇಂಥ ಕಲೆಗಳು ಮೈತುಂಬ ಇದ್ದರೆ, ಮನೆಯಲ್ಲಿ ಮಾಡುವ ಕೆಲಸ ಅಲ್ಲಿಗೆ ಮುಗಿಯಿತು. ಸಂರಕ್ಷಣಾ ತಜ್ಞರು ಇದಕ್ಕೆ ಬೆಂಜೊಟ್ರಯಜೋಲ್ ಎಂಬ ರಾಸಾಯನಿಕದ ದ್ರಾವಣ ಬಳಸುತ್ತಾರೆ. ಅದು ವಿಷಕಾರಿ, ಮನೆಯಲ್ಲಿ ಕಲಸುವಂಥದ್ದಲ್ಲ. ಮೈಸೂರಿನಲ್ಲಿ ಕೇಂದ್ರ ಸರಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವಿದೆ, ಬೆಂಗಳೂರಿನಲ್ಲಿ ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಯಾರಲ್ಲಿಗೆ ಒಯ್ಯಬೇಕೆಂದು ಅಲ್ಲಿ ವಿಚಾರಿಸಬಹುದು.

ಮೇಣ. ಪೂರ್ತಿ ಒಣಗಿದ ಪಾತ್ರೆ ಇನ್ನೂ ಬೆಚ್ಚಗಿರುವಾಗಲೇ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ಬಟಾಣಿ ಕಾಳಿನಷ್ಟು ಮೆತ್ತನೆ ಬಟ್ಟೆಗೆ ತೆಗೆದುಕೊಂಡು ಇಡೀ ಮೈಗೆ ತೆಳ್ಳಗೆ ಹರಡಿ. ಕಾಲು ಗಂಟೆ ಬಿಟ್ಟು ಬೇರೆ ಬಟ್ಟೆಯಿಂದ ಒರೆಸಿ. ಕಪ್ಪುಗಂದಿಗೆ ಆಳವಾದ ಮಂದ ಹೊಳಪು ಬರುತ್ತದೆ. ಹಳೆ ಕಂಚಿಗೆ ಒಪ್ಪುವ ಹೊಳಪು ಅದೇ. ತೆಂಗಿನೆಣ್ಣೆ ಒರೆಸುವುದು ಬೇಡ. ಮೇಲೆ ಹೇಳಿದ ಹಸಿರು ಮೇಣ ಹುಟ್ಟುವುದು ಅದರಿಂದಲೇ. ಲ್ಯಾಕರ್ ಕೂಡ ಬೇಡ. ಒಂದು ಕಡೆ ಸುಲಿದರೆ ಅಲ್ಲಿಂದ ತೇವ ಒಳಸೇರಿ, ಪೊರೆಯಡಿಯಲ್ಲಿ ಕಲೆ ಹಬ್ಬುತ್ತದೆ.

ಇಷ್ಟೆಲ್ಲ ಆದ ಮೇಲೆ ಗಿಂಡಿ ಫಳಫಳ ಹೊಳೆಯುವುದಿಲ್ಲ. ಹೊಳೆಯಬಾರದು. ಜಿಡ್ಡು ಹೋಗಿ ಕುತ್ತಿಗೆಯ ಮೂರು ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೆ, ತಳದ ಅಕ್ಷರಗಳಲ್ಲಿ ಕಪ್ಪು ಹಾಗೇ ಉಳಿದು ಎರಡನೆಯ ಸಾಲೂ ಓದಲು ಬರುತ್ತದೆ.

ಇಡುವ ಬಗೆ

ಪಾತ್ರೆಗೆ ತೊಳೆದ, ಗಂಜಿಯಿಲ್ಲದ ಹತ್ತಿಬಟ್ಟೆ ಸುತ್ತಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. 20 ಲೀಟರಿನ ಡಬ್ಬಿಗೆ 200 ಗ್ರಾಂ ಸಿಲಿಕಾ ಜೆಲ್ ಚೀಲ ಹಾಕಿ. ತೇವ ಶೇಕಡಾ 45ರ ಕೆಳಗಿದ್ದರೆ ಕಂಚಿನ ರೋಗ ಬಹುಮಟ್ಟಿಗೆ ಸುಮ್ಮನಿರುತ್ತದೆ. ಮಳೆಗಾಲದಲ್ಲಿ ಹೊರಗಿನ ಗಾಳಿಯ ತೇವ ಇಷ್ಟು ಕೆಳಗಿಳಿಯುವುದೇ ಇಲ್ಲವಾದ್ದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ಜೆಲ್ ಬಣ್ಣ ಬದಲಾಗಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ, ಬದಲಾಗಿದ್ದರೆ ಒವನ್‌ನಲ್ಲಿ 110 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ ಮತ್ತೆ ಹಾಕಿ. ಪಾತ್ರೆಗೆ ರಬ್ಬರ್ ಬ್ಯಾಂಡ್ ಕಟ್ಟಬೇಡಿ, ಉಣ್ಣೆಬಟ್ಟೆಯಲ್ಲಿ ಸುತ್ತಬೇಡಿ. ಎರಡರಲ್ಲೂ ಗಂಧಕವಿರುವುದರಿಂದ ಕಪ್ಪು ಪಟ್ಟೆ ಬೀಳುತ್ತದೆ. ಪ್ಲೈವುಡ್ ಕಪಾಟಿನಿಂದ ಹೊರಡುವ ಆಮ್ಲದ ಆವಿಯೂ ತಾಮ್ರಕ್ಕೆ ಒಳ್ಳೆಯದಲ್ಲ.

ಹೀಗೆ ಉಳಿಸಿದ ಪಾತ್ರೆಯಲ್ಲಿ ಅಡುಗೆ ಮಾಡಬಾರದು, ಮಜ್ಜಿಗೆ, ಸಾರು ಇಡಬಾರದು. ಹುಳಿ ತಾಗಿದರೆ ತಾಮ್ರದ ಲವಣಗಳು ಆಹಾರಕ್ಕೆ ಇಳಿಯುತ್ತವೆ. ಬಳಸಲೇಬೇಕೆಂದಿರುವ ಹಿತ್ತಾಳೆ ಪಾತ್ರೆಯಾದರೆ ಒಳಮೈಗೆ ಶುದ್ಧ ತವರದ ಕಲಾಯಿ ಹಾಕಿಸಿ, ಹೊರಮೈ ಮುಟ್ಟಬಾರದೆಂದು ಕಲಾಯಿಯವನಿಗೆ ಮೊದಲೇ ಹೇಳಿ. ಕಲಾಯಿ ಹಾಕುವ ಮೊದಲು ಇಡೀ ಪಾತ್ರೆಯನ್ನೇ ಆಸಿಡ್‌ನಲ್ಲಿ ತೊಳೆಯುವುದು ಅವರ ರೂಢಿ.

ಈಗಾಗಲೇ ಬಫ್ ಆಗಿದ್ದರೆ

ಹೋದ ಪಟಿನಾವನ್ನು ಮರಳಿ ತರಿಸಲು ಅಂಗಡಿಯವರು ಗಂಧಕದ ದ್ರಾವಣ, ಬೂಟ್ ಪಾಲಿಶ್, ಮಣ್ಣಲ್ಲಿ ಹೂಳುವುದು ಮುಂತಾದವನ್ನು ಸೂಚಿಸಬಹುದು. ಇವುಗಳಿಂದ ಬರುವ ಬಣ್ಣ ಎತ್ತರದ ಭಾಗ, ಸಂದಿ ಎರಡರಲ್ಲೂ ಒಂದೇ ಸಮ ಇರುತ್ತದೆ. ಸ್ಪಿರಿಟ್ ಅದ್ದಿದ ಹತ್ತಿಗೆ ಬೂಟ್ ಪಾಲಿಶ್ ಕೂಡಲೇ ಏಳುತ್ತದೆ. ಮಣ್ಣಲ್ಲಿ ಹೂತ ಪಾತ್ರೆಗೆ ಮಣ್ಣಿನ ಉಪ್ಪು ಸೇರಿ ಮತ್ತೆ ಕಂಚಿನ ರೋಗದ ಭಯ. ಬಲ್ಲವರು ಇದನ್ನು ನಕಲಿ ಎಂದು ಗುರುತಿಸಿದರೆ ಇದ್ದ ಬೆಲೆಯೂ ಇಳಿಯುತ್ತದೆ. ಬಫ್ ಆದ ಪಾತ್ರೆಯ ಸಂದಿಗಳಲ್ಲಿ ಕೂತ ಪಾಲಿಶ್ ಮೇಣವನ್ನು ಟರ್ಪೆಂಟೈನ್ ಹತ್ತಿಯಿಂದ ಬಿಡಿಸಿ, ಒಣಗಿಸಿ, ಮತ್ತೆ ಪಾಲಿಶ್ ಮಾಡದೆ ಅಡುಗೆಮನೆಯಿಂದ ದೂರವಾದ ಒಣ ಜಾಗದಲ್ಲಿ ತೆರೆದಿಡಿ. ಒಂದೆರಡು ವರ್ಷದಲ್ಲಿ ಮೈ ಜೇನುಗಂದಿಗೆ ತಿರುಗುತ್ತದೆ, ಆಗ ಮೇಣ ಹಚ್ಚಿ. ಸವೆದ ಅಕ್ಷರ, ಉಳಿಯ ಗೆರೆ ಬರುವುದಿಲ್ಲ. ಆದರೆ ಮುಂದೆ ಬರುವ ಬಣ್ಣ ನಿಜದ್ದಾಗಿರುತ್ತದೆ.